ಹಿನ್ನೋಟಕ್ಕೆ ಸರಿಯಾದ ಜಾಗ ಯಾವುದು?

"ಮಾನ್ಯ ಸಂಪಾದಕರಿಗೆ, ನನ್ನ ಕಾದಂಬರಿಯ ಹಸ್ತಪ್ರತಿಯನ್ನು ಓದಿದ ಗೆಳೆಯರೆಲ್ಲ ಮೂರನೆಯ ಅಧ್ಯಾಯದಲ್ಲಿ ಕಥೆ ನಿಂತುಹೋಗುತ್ತದೆ ಎನ್ನುತ್ತಾರೆ. ಅಲ್ಲಿರುವುದು ನಾಯಕಿಯ ಪೂರ್ವಕಥೆ. ಅದು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲವೆಂಬುದು ನನ್ನ ಭಾವನೆ. ಆ ಅಧ್ಯಾಯವನ್ನು ತೆಗೆದುಬಿಡಬೇಕೇ?"

ಪೂರ್ತಿ ತೆಗೆಯಬೇಡಿ, ಆದರೆ ಅದು ಈಗಿರುವ ಜಾಗದಲ್ಲಿ ಉಳಿಯಬಾರದು. ನಿಮ್ಮ ಗೆಳೆಯರು ಹೇಳಿದ್ದು ನಿಜ, ಮೂರನೆಯ ಅಧ್ಯಾಯದಲ್ಲಿ ನಾನೂ ನಿಂತೆ. ಆ ಅಧ್ಯಾಯದ ಬರವಣಿಗೆ ಕಳಪೆಯೆಂದು ಇದರ ಅರ್ಥವಲ್ಲ. ತಾಯಿ ತೀರಿಕೊಂಡ ರಾತ್ರಿಯ ಪ್ರಸಂಗ ಇಡೀ ಹಸ್ತಪ್ರತಿಯಲ್ಲೇ ಅತ್ಯಂತ ಸತ್ವಯುತವಾದದ್ದು. ಓದುಗ ಇನ್ನೂ ಕೇಳದ ಪ್ರಶ್ನೆಗೆ ನೀವು ಹತ್ತೊಂಬತ್ತು ಪುಟಗಳ ಉತ್ತರ ಕೊಟ್ಟಿದ್ದೀರಿ ಎಂಬುದೇ ತೊಡಕು.

ಎರಡನೆಯ ಅಧ್ಯಾಯದ ಕೊನೆಯನ್ನೇ ನೋಡೋಣ. ಮನೆ ಮಾರಾಟದ ಪತ್ರಕ್ಕೆ ಸಹಿ ಹಾಕಲು ಅಕ್ಕ ಹನ್ನೊಂದು ವರ್ಷಗಳ ಬಳಿಕ ಬಂದಿದ್ದಾಳೆ, ತಮ್ಮ ಬಾಗಿಲು ತೆರೆದು "ನೀನು ಬರುವುದಿಲ್ಲ ಅಂದುಕೊಂಡಿದ್ದೆ" ಎನ್ನುತ್ತಾನೆ. ಇಲ್ಲಿ ಓದುಗನ ಮನಸ್ಸಿನಲ್ಲಿರುವುದು ಒಂದೇ ಕುತೂಹಲ: ಇವನು ಅವಳನ್ನು ಒಳಗೆ ಕರೆಯುತ್ತಾನೋ ಇಲ್ಲವೋ? ಅದು ಮುಂದಕ್ಕೆ ನೋಡುವ ಕುತೂಹಲ. ನೀವು ಅದನ್ನು ಹೊಸ್ತಿಲಲ್ಲೇ ಬಿಟ್ಟು ಬಾಲ್ಯಕ್ಕೆ ಹೋಗುತ್ತೀರಿ, ಅಲ್ಲಿಂದ ತಂದೆಯ ಪಕ್ಷಪಾತಕ್ಕೆ, ತಾಯಿಯ ಕಾಯಿಲೆಗೆ, ಜಗಳಕ್ಕೆ ಬರುತ್ತೀರಿ. ನಾಲ್ಕನೆಯ ಅಧ್ಯಾಯದಲ್ಲಿ ಬಾಗಿಲ ಬಳಿ ಮರಳುವಾಗ ಆ ಕುತೂಹಲ ಆರಿಹೋಗಿರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ತಮ್ಮನು ತಾಯಿಯ ಪತ್ರವನ್ನು ಮುಚ್ಚಿಟ್ಟ ಸಂಗತಿ ಮೂರನೆಯ ಅಧ್ಯಾಯದಲ್ಲೇ ಹೊರಬೀಳುವುದರಿಂದ, ಮುಂದಿನ ನಾಲ್ಕು ಅಧ್ಯಾಯಗಳಲ್ಲಿ ಅಕ್ಕ-ತಮ್ಮ ಆಡುವ ಪ್ರತಿ ಮಾತಿನ ಹಿಂದೆ ಏನಿದೆಯೆಂದು ಓದುಗನಿಗೆ ಮೊದಲೇ ಗೊತ್ತಿರುತ್ತದೆ. ಊಟದ ಹೊತ್ತಿನ ಆ ಮೌನ ಹುಟ್ಟಿಸಬೇಕಾದ ಅಂಜಿಕೆಯನ್ನು ಹುಟ್ಟಿಸದೆ ಹೋಗಲು ಇದೇ ಕಾರಣ.

ಆ ಹತ್ತೊಂಬತ್ತು ಪುಟಗಳಲ್ಲಿರುವ ಎಲ್ಲವೂ ಒಂದೇ ಬಗೆಯ ವಸ್ತುವಲ್ಲ, ಆದರೆ ನೀವು ಎಲ್ಲಕ್ಕೂ ಒಂದೇ ಉಪಚಾರ ಮಾಡಿದ್ದೀರಿ. ತಾಯಿ ತೀರಿಕೊಂಡಿದ್ದಾಳೆ, ಅಂದಿನಿಂದ ಇವರಿಬ್ಬರಲ್ಲಿ ಮಾತಿಲ್ಲ ಎಂಬುದು ಬರೀ ಮಾಹಿತಿ, ಅದಕ್ಕೆ ಬಾಗಿಲ ಬಳಿಯ ಸಂಭಾಷಣೆಯ ನಡುವೆ ಎರಡು ವಾಕ್ಯ ಸಾಕು. ತಂದೆಗೆ ಮಗನ ಮೇಲಿದ್ದ ಹೆಚ್ಚಿನ ಒಲವಿಗೂ ಹಿನ್ನೋಟ ಬೇಕಿಲ್ಲ. ಐದನೆಯ ಅಧ್ಯಾಯದಲ್ಲಿ, ಕೋಣೆಯಲ್ಲಿ ಬೇರೆಲ್ಲೂ ಜಾಗವಿಲ್ಲದಿದ್ದರೂ ಅವಳು ತಂದೆಯ ಕುರ್ಚಿಯಲ್ಲಿ ಕೂರದೆ ಕಿಟಕಿಗೆ ಒರಗಿ ನಿಲ್ಲುತ್ತಾಳೆ, ತಮ್ಮ ಯೋಚಿಸದೆ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಾನೆ. ಬಾಲ್ಯದ ಆರು ಪುಟಗಳು ಹೇಳಿದ್ದನ್ನು ಈ ಒಂದು ಚಲನೆ ಹೇಳಿಬಿಟ್ಟಿದೆ, ಅದೂ ಕಥೆ ಮುಂದೆ ಸಾಗುತ್ತಿರುವಾಗಲೇ. ಇಷ್ಟು ಒಳ್ಳೆಯದನ್ನು ಬರೆದ ಮೇಲೆ ಆ ಆರು ಪುಟಗಳನ್ನು ಉಳಿಸಿಕೊಳ್ಳಬೇಕೆಂದು ನಿಮಗೇಕೆ ಅನ್ನಿಸಿತೋ ನನಗೆ ತಿಳಿಯದು.

ಇವೆಲ್ಲ ಹೋದ ಮೇಲೆ ಉಳಿಯುವುದು ತಾಯಿ ತೀರಿಕೊಂಡ ರಾತ್ರಿ ಮಾತ್ರ. ಅದನ್ನು ಸಾರಾಂಶವಾಗಿ ಹೇಳಿದರೆ ಸಾಯುತ್ತದೆ, ದೃಶ್ಯವಾಗಿಯೇ ಬರಬೇಕು. ಅದರ ಜಾಗ ಏಳನೆಯ ಅಧ್ಯಾಯ: ಪೆಟ್ಟಿಗೆಯ ತಳದಲ್ಲಿ ಅವಳಿಗೆ ತನ್ನ ಹೆಸರು ಬರೆದ ಲಕೋಟೆ ಸಿಕ್ಕ ಮೇಲೆ, ಅವಳು ಸಹಿ ಹಾಕಲು ಕೂರುವ ಮುನ್ನ. ಆರನೆಯ ಅಧ್ಯಾಯದಲ್ಲಿ ಅವಳು "ಅಮ್ಮ ಕೊನೆಗೆ ನನ್ನನ್ನು ಕೇಳಿದಳಾ?" ಎಂದಾಗ ತಮ್ಮ ಉತ್ತರಿಸದೆ ಎದ್ದುಹೋಗುತ್ತಾನೆ. ಅಲ್ಲಿ ಓದುಗನೂ ಅವಳೊಂದಿಗೆ ಆ ಪ್ರಶ್ನೆಯನ್ನು ಕೇಳಿಕೊಂಡಿರುತ್ತಾನೆ, ಆದ್ದರಿಂದ ಏಳನೆಯ ಅಧ್ಯಾಯದಲ್ಲಿ ಹಿಂದಕ್ಕೆ ಹೋಗುವುದು ಅವನಿಗೆ ಅಡ್ಡಿಯೆನಿಸುವುದಿಲ್ಲ, ಅವನು ಕಾಯುತ್ತಿದ್ದುದೇ ಅದಕ್ಕೆ. ಹಿನ್ನೋಟ ಮುಗಿದೊಡನೆ ಅವಳ ಮುಂದೆ ಒಂದು ತೀರ್ಮಾನವೂ ಇರುತ್ತದೆ. ಈಗಿನ ಪ್ರತಿಯಲ್ಲಿ ಅವಳು ಸಹಿ ಹಾಕದೆ ಎದ್ದುಹೋಗುವುದು ಹಠದಂತೆ ಕಾಣುತ್ತದೆ, ಹಿನ್ನೋಟ ಅದರ ಪಕ್ಕಕ್ಕೆ ಬಂದರೆ ಅದೇ ನಡೆಗೆ ಕಾರಣ ಸಿಗುತ್ತದೆ. ಬೇರೆ ಅಧ್ಯಾಯಗಳಲ್ಲಿರುವ ಸಣ್ಣ ಹಿನ್ನೋಟಗಳಿಗೂ ಇದೇ ಪರೀಕ್ಷೆಯನ್ನು ಒಡ್ಡಿರಿ. ಹಿನ್ನೋಟದ ಮುಂಚಿನ ವರ್ತಮಾನವನ್ನೂ ಅದರ ನಂತರದ ವರ್ತಮಾನವನ್ನೂ ನೇರವಾಗಿ ಜೋಡಿಸಿ ಓದಿದಾಗ ಏನೂ ಕೊರತೆ ಕಾಣದಿದ್ದರೆ, ಆ ಹಿನ್ನೋಟ ಅಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಕಾದಂಬರಿ ಪೂರ್ತಿ ಅಕ್ಕನ ದೃಷ್ಟಿಯಿಂದ ಸಾಗುತ್ತದೆ. ಆದ್ದರಿಂದ ಅವಳಿಗೆ ಗೊತ್ತಿರುವುದನ್ನು ಓದುಗನಿಂದ ಬೇಕೆಂದೇ ಬಚ್ಚಿಟ್ಟರೆ ಅದು ಮೋಸವೆನಿಸುತ್ತದೆ. "ಆ ರಾತ್ರಿಯನ್ನು ಅವಳು ನೆನೆಯಲು ಬಯಸಲಿಲ್ಲ" ಎಂಬರ್ಥದ ವಾಕ್ಯ ನಿಮ್ಮಲ್ಲಿ ನಾಲ್ಕು ಕಡೆ ಬಂದಿದೆ. ಎರಡನೆಯ ಸಲಕ್ಕೇ ಓದುಗನಿಗೆ ಲೇಖಕನ ಕೈ ಕಾಣಿಸಿಬಿಡುತ್ತದೆ. ಇದರಿಂದ ಪಾರಾಗುವ ದಾರಿ ನಿಮ್ಮ ಕಥೆಯಲ್ಲೇ ಇದೆ. ಪತ್ರದ ವಿಷಯ ಅವಳಿಗೆ ಆ ರಾತ್ರಿ ತಿಳಿದಿರಲೇ ಇಲ್ಲ. ತಾಯಿಯ ಹಾಸಿಗೆಯ ಬಳಿಯಿಂದ ತಮ್ಮ ಏನನ್ನೋ ಎತ್ತಿ ಜೇಬಿಗೆ ಹಾಕಿಕೊಂಡದ್ದನ್ನು ಅವಳು ಕಂಡಿದ್ದಳು, ದುಃಖದ ನಡುವೆ ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಈಗಿನ ಪ್ರತಿಯಲ್ಲಿ ಜೇಬಿನೊಳಗೆ ಇದ್ದದ್ದೇನೆಂದು ನಿರೂಪಕ ತಾನೇ ಮುಂದೆ ಬಂದು ಹೇಳಿಬಿಡುತ್ತಾನೆ. ಆ ವಾಕ್ಯವನ್ನು ತೆಗೆಯಿರಿ. ಆಗ ಲಕೋಟೆ ಕೈಗೆ ಬಂದ ಮೇಲೆ ಹಳೆಯ ದೃಶ್ಯದ ಅರ್ಥವೇ ಅವಳಿಗೆ ಬದಲಾಗುತ್ತದೆ, ಆ ನೆನಪು ಅದೇ ಗಳಿಗೆಯಲ್ಲಿ ಬರಲು ನಿಜವಾದ ಕಾರಣ ಒದಗುತ್ತದೆ.

ಆ ದೃಶ್ಯಕ್ಕೆ ನಾಲ್ಕೈದು ಪುಟ ಸಾಲುತ್ತದೆ. ಕಾಯಿಲೆಯ ಚರಿತ್ರೆಯಿಂದ ಆರಂಭಿಸಬೇಡಿ, ಅವಳು ತಾಯಿಯ ಕೋಣೆಗೆ ಕಾಲಿಡುವಲ್ಲಿಂದ ಆರಂಭಿಸಿ. ಜಗಳ ಮುಗಿಯುವವರೆಗೆ ಎಳೆಯದೆ ಜೇಬಿಗೆ ಹೋದ ಆ ಕೈಯ ಮೇಲೆ ನಿಲ್ಲಿಸಿ.

ಕ್ರಿಯಾಪದಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮ್ಮ ಮೂರನೆಯ ಅಧ್ಯಾಯದ ದಣಿವಿಗೆ ಅರ್ಧ ಕಾರಣ ಅಲ್ಲಿದೆ. ವರ್ತಮಾನದ ಕಥೆಯನ್ನು ನೀವು "ಬಂದಳು, ನೋಡಿದಳು" ಎಂದು ಬರೆಯುತ್ತೀರಿ, ಹಿನ್ನೋಟವನ್ನು ಮೊದಲಿನಿಂದ ಕೊನೆಯವರೆಗೂ "ಬಂದಿದ್ದಳು, ನೋಡಿದ್ದಳು, ಅತ್ತಿದ್ದಳು" ಎಂದು ನಡೆಸುತ್ತೀರಿ. ಹತ್ತೊಂಬತ್ತು ಪುಟ ಈ ರೂಪವೇ ಬಂದಾಗ ಎಲ್ಲವೂ ಯಾರೋ ದೂರದಿಂದ ವರದಿ ಮಾಡಿದಂತೆ ಕೇಳಿಸುತ್ತದೆ. ಮೊದಲ ಎರಡು ಮೂರು ವಾಕ್ಯಗಳಲ್ಲಿ "ನಿಂತಿದ್ದಳು, ಕರೆದಿದ್ದಳು" ಎಂದು ಬಳಸಿ ಕಾಲ ಬದಲಾದುದನ್ನು ತಿಳಿಸಿ, ಬಳಿಕ "ನಿಂತಳು, ಕರೆದಳು" ಎಂಬ ಸರಳ ರೂಪಕ್ಕೆ ಇಳಿಯಿರಿ. ಓದುಗನಿಗೆ ಗೊಂದಲವಾಗುವುದಿಲ್ಲ, ದೃಶ್ಯ ಅವನ ಕಣ್ಣೆದುರೇ ನಡೆಯತೊಡಗುತ್ತದೆ. ವರ್ತಮಾನಕ್ಕೆ ಮರಳುವಾಗ ಅವಳ ಕೈಯಲ್ಲಿರುವ ಲಕೋಟೆಯನ್ನೋ ಎದುರಿಗೆ ಬಂದ ತಮ್ಮನ ಮಾತನ್ನೋ ನೇರವಾಗಿ ತನ್ನಿರಿ. "ಅವಳ ಮನಸ್ಸು ಹಿಂದಕ್ಕೆ ಓಡಿತು", "ನೆನಪಿನ ಲೋಕದಿಂದ ಎಚ್ಚೆತ್ತಳು" ಎಂಬಂಥ ವಾಕ್ಯಗಳನ್ನೆಲ್ಲ ತೆಗೆಯಿರಿ.

ತಿದ್ದುವ ಮೊದಲು ಒಂದು ಕೆಲಸ ಮಾಡಿ. ಮೂರನೆಯ ಅಧ್ಯಾಯವನ್ನು ಪೂರ್ತಿ ಬದಿಗಿಟ್ಟು, ಹಸ್ತಪ್ರತಿಯನ್ನು ಇದುವರೆಗೆ ನೋಡಿರದ ಒಬ್ಬರಿಗೆ ಎರಡನೆಯದರಿಂದ ನೇರವಾಗಿ ನಾಲ್ಕನೆಯದಕ್ಕೆ ಓದಲು ಕೊಡಿ, ಏನೋ ತಿಳಿಯದೆ ತಡವರಿಸಿದ ಕಡೆಗಳಲ್ಲೆಲ್ಲ ಅಂಚಿನಲ್ಲಿ ಗುರುತು ಹಾಕಲು ಹೇಳಿ. ಗುರುತು ಬಿದ್ದ ಕಡೆ ಒಂದು ವಾಕ್ಯದ ಮಾಹಿತಿ ಸಾಕಾಗುವುದೋ ಎಂದು ಮೊದಲು ನೋಡಿ. ಗುರುತುಗಳು ನಿಮ್ಮ ನಿರೀಕ್ಷೆಗಿಂತ ಕಡಿಮೆಯಿರುತ್ತವೆಂದು ನನ್ನ ಎಣಿಕೆ. ಆ ಗುರುತಿನ ಪುಟಗಳನ್ನೂ, ಹೊಸದಾಗಿ ಬರೆದ ಏಳನೆಯ ಅಧ್ಯಾಯವನ್ನೂ ಒಟ್ಟಿಗೆ ಕಳುಹಿಸಿ, ಓದುತ್ತೇನೆ.