ಟೇಬಲ್‌ಟಾಪ್ ಅಭ್ಯಾಸದಲ್ಲಿ ಕೊರತೆಯೇ ಸಿಗದಿದ್ದರೆ

“ಮಂಡ್ಯದ ನಮ್ಮ ಸಹಕಾರ ಸಂಘದಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯ ಬಗ್ಗೆ ಟೇಬಲ್‌ಟಾಪ್ ಅಭ್ಯಾಸ ಮಾಡಿದೆವು. ಎರಡು ಗಂಟೆ ಕುಳಿತರೂ ಒಂದು ಕೊರತೆಯೂ ಸಿಗಲಿಲ್ಲ. ಎಲ್ಲಿ ತಪ್ಪಿದೆವು?”

ಟೇಬಲ್‌ಟಾಪ್ ಅಭ್ಯಾಸ ಎಂದರೆ ದಾಳಿ ನಡೆದಿದೆ ಎಂದುಕೊಂಡು, ಮೇಜಿನ ಸುತ್ತ ಕುಳಿತು ಯಾರು ಏನು ಮಾಡಬೇಕೆಂದು ಮಾತಿನಲ್ಲೇ ನಡೆಸಿ ನೋಡುವುದು. ನೀವು ಬಹುಶಃ “ಏನು ಮಾಡುತ್ತೀರಿ?” ಎಂದಷ್ಟೇ ಕೇಳಿದ್ದೀರಿ. ಹಾಗೆ ಕೇಳಿದರೆ ಎಲ್ಲರೂ ಯೋಜನೆಯಲ್ಲಿ ಬರೆದದ್ದನ್ನೇ ಒಪ್ಪಿಸುತ್ತಾರೆ. “ಈಗಲೇ ತೋರಿಸಿ” ಎಂದು ಕೇಳಿ.

ಸನ್ನಿವೇಶವನ್ನು ಮೊದಲೇ ಹೇಳಬೇಡಿ, ತುಂಡು ತುಂಡಾಗಿ ಕೊಡಿ. ಶನಿವಾರ ಸಂಜೆ 7 ಗಂಟೆ, ಸರ್ವರ್‌ನ ಕಡತಗಳು ತೆರೆಯುತ್ತಿಲ್ಲ. ನೆಟ್‌ವರ್ಕ್ ಕಡಿತಗೊಳಿಸಲು ಅನುಮತಿ ಕೊಡುವವರು ಯಾರು? ಉತ್ತರ ಬಂದ ಮೇಲೆ, ಅವರು ಫೋನ್ ಎತ್ತುತ್ತಿಲ್ಲ ಎನ್ನಿ. ಬಳಿಕ ಬ್ಯಾಕಪ್ ಡಿಸ್ಕ್ ಕೂಡ ಅದೇ ಸರ್ವರ್‌ಗೆ ಜೋಡಿಸಿತ್ತು ಎನ್ನಿ. ಕೊನೆಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡುವ ಮಾತು ತನ್ನಿ: ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ಆ ಗಡಿಯಾರ ಯಾವಾಗ ಶುರುವಾಯಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಸಮಯ ಹೇಳಿದರೆ, ಅದೇ ನಿಮ್ಮ ಮೊದಲ ಕೊರತೆ.

ಮೈಸೂರಿನಲ್ಲಿ ನಾನು ನಡೆಸಿದ ಅಭ್ಯಾಸದಲ್ಲಿ ತುರ್ತು ಫೋನ್ ಸಂಖ್ಯೆಗಳ ಪಟ್ಟಿ ತೋರಿಸಿ ಎಂದಾಗ, ಅದು ದಾಳಿಗೆ ಸಿಕ್ಕ ಸರ್ವರ್‌ನಲ್ಲೇ ಇತ್ತು. ಯಾರ ಬಳಿಯೂ ಮುದ್ರಿತ ಪ್ರತಿ ಇರಲಿಲ್ಲ.

ಬರೆದುಕೊಳ್ಳಲು ಚರ್ಚೆಯಲ್ಲಿ ಮಾತನಾಡದ ಒಬ್ಬರನ್ನು ಕೂರಿಸಿ. “ಸಂಪರ್ಕ ವ್ಯವಸ್ಥೆ ದುರ್ಬಲ” ಎಂಬ ಟಿಪ್ಪಣಿಯಿಂದ ಏನೂ ಸರಿಯಾಗುವುದಿಲ್ಲ. ಕಂಡದ್ದನ್ನೇ ಬರೆಯಲಿ: “7.20: ಪಟ್ಟಿ ಕೇಳಲಾಯಿತು, ಸರ್ವರ್‌ನಲ್ಲಿ ಮಾತ್ರ ಇದೆ. ಯೋಜನೆಯ ಪ್ರಕಾರ ಎಲ್ಲರ ಬಳಿ ಇರಬೇಕು.” ಪಕ್ಕದಲ್ಲಿ ಸರಿಪಡಿಸುವವರ ಹುದ್ದೆ, ಗಡುವು, ಸರಿಯಾಯಿತೆಂದು ಪರೀಕ್ಷಿಸುವ ಬಗೆ ಇರಲಿ, ಇಲ್ಲಿ ಪರೀಕ್ಷೆ ಎಂದರೆ ಸರ್ವರ್ ಮುಟ್ಟದೆ ಮೂವರಿಗೆ ಕರೆ ಮಾಡಿ ತೋರಿಸುವುದು. ತಪ್ಪಿದವರ ಹೆಸರು ಬರೆಯಬೇಡಿ, ಬರೆದರೆ ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ.