ಪರಿಚಯದ ಇಮೇಲ್ ಇಬ್ಬರನ್ನೂ ನೋಯಿಸಿದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು ಕಟ್ಟಡ ಯೋಜನೆಗಳನ್ನು ನೋಡಿಕೊಳ್ಳುವ ಮ್ಯಾನೇಜರ್. ತಮಗೆ ಬೇಕಾದ ಇಬ್ಬರನ್ನು ಅವರು ಇಮೇಲ್ ಮೂಲಕ ಪರಿಚಯ ಮಾಡಿಸಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ಇವರೊಂದಿಗೆ ಮಾತು ಕಡಿಮೆ ಮಾಡಿದ್ದರು. ಒಬ್ಬರು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಪಳಗಿದ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರ್. ಇನ್ನೊಬ್ಬರು 9 ವರ್ಷ ದುಡಿದು ಈಚೆಗೆ ಸ್ವಂತ ಕಚೇರಿ ತೆರೆದ ಆರ್ಕಿಟೆಕ್ಟ್. "ಒಳ್ಳೆಯದಾಗಲಿ ಅಂತ ಮಾಡಿದ್ದು, ಏನು ತಪ್ಪಾಯಿತು ಅಂತಲೇ ಗೊತ್ತಾಗ್ತಿಲ್ಲ" ಎಂದರು.

ಕಳಿಸಿದ ಪತ್ರವನ್ನೇ ತೆರೆದು ನೋಡಿದೆವು. ವಿಷಯದ ಜಾಗದಲ್ಲಿ "ಪರಿಚಯ" ಎಂಬ ಒಂದೇ ಪದ. ಕೆಳಗೆ ಹೀಗಿತ್ತು: "ಸರ್, ಇವರು ನಮಗೆ ತುಂಬ ಬೇಕಾದ ಹುಡುಗಿ, ಈಗಷ್ಟೇ ಸ್ವಂತವಾಗಿ ಶುರು ಮಾಡಿದ್ದಾರೆ. ತಮ್ಮಂಥ ದೊಡ್ಡವರ ಮಾರ್ಗದರ್ಶನ ಬೇಕಿದೆ. ಸರ್ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಅವರ ಮೊಬೈಲ್ ನಂಬರ್ ಕೆಳಗಿದೆ. ಇಬ್ಬರೂ ಮಾತಾಡಿಕೊಳ್ಳಿ."

ಇದರಲ್ಲಿ ಒಂದೂ ಕೆಟ್ಟ ಮಾತಿಲ್ಲ. ಆದರೂ ಅದು ಇಬ್ಬರಿಗೂ ನೋವು ಕೊಟ್ಟಿತು. ಎಂಜಿನಿಯರ್ ಅವರನ್ನು ಮೊದಲು ಯಾರೂ ಕೇಳಿರಲಿಲ್ಲ, ನಂಬರ್ ಮಾತ್ರ ಕೈದಾಟಿತ್ತು. ಆರ್ಕಿಟೆಕ್ಟ್ ಅವರ 9 ವರ್ಷದ ಕೆಲಸ "ಬೇಕಾದ ಹುಡುಗಿ" ಎಂಬ ಮಾತಿನಲ್ಲಿ ಮಾಯವಾಯಿತು. ಒಂದೇ ಪತ್ರದಲ್ಲಿ ಒಬ್ಬರಿಗೆ "ತಮ್ಮಂಥ ದೊಡ್ಡವರು", ಇನ್ನೊಬ್ಬರಿಗೆ "ನಿನಗೆ". ಇಬ್ಬರೇ ಇದ್ದಾಗ ಆ ಏಕವಚನ ಸಲುಗೆ. ಮೂರನೆಯವರ ಎದುರಿಗೆ ಬಂದರೆ ಅದು ಸ್ಥಾನ ತೋರಿಸಿದಂತಾಗುತ್ತದೆ.

ಹೆಚ್ಚಿನ ಹಾನಿ ಮಾಡಿದ್ದು "ಮಾರ್ಗದರ್ಶನ" ಎಂಬ ಪದ. ಆರ್ಕಿಟೆಕ್ಟ್ ಅವರ ಕೈಯಲ್ಲಿ ನಿಜವಾದ ಒಂದು ಕೆಲಸವಿತ್ತು. ಮರದ ತೊಲೆಗಳಿರುವ ಹಳೆಯ ಕಲ್ಲಿನ ಕಟ್ಟಡವನ್ನು ಗ್ರಂಥಾಲಯ ಮಾಡುವುದು, ಮೇಲಿನ ಅಂತಸ್ತು ಪುಸ್ತಕದ ಭಾರ ಹೊರುತ್ತದೆಯೇ ಎಂದು ತಿಳಿಯುವುದು. ಅದಕ್ಕೆ ಶುಲ್ಕ ಕೊಡಲು ಅವರು ಸಿದ್ಧರಿದ್ದರು. ಪತ್ರ ಓದಿದ ಎಂಜಿನಿಯರ್ ಇದನ್ನು ಆಶೀರ್ವಾದ ಕೇಳಿದಂತೆ ಅಂದುಕೊಂಡರು. ಮುಂದೆ ಯಾರು ಬರೆಯಬೇಕೆಂದು ಹೇಳಿರದ ಕಾರಣ ಒಬ್ಬರಿಗೊಬ್ಬರು ಕಾದರು. ಕೊನೆಗೆ ಆರ್ಕಿಟೆಕ್ಟ್ ಫೋನ್ ಮಾಡಿದರು, 40 ನಿಮಿಷ ಮಾತಾಯಿತು. ಪುಕ್ಕಟೆ ಸಲಹೆ ಪಡೆದರೆಂದು ಎಂಜಿನಿಯರ್ ಅವರಿಗೆ ಬೇಸರ. ಶುಲ್ಕದ ಮಾತೆತ್ತಿದರೆ ಹಿರಿಯರಿಗೆ ಅವಮಾನವಾದೀತೆಂದು ಆರ್ಕಿಟೆಕ್ಟ್ ಸುಮ್ಮನಿದ್ದರು. ಇಬ್ಬರೂ ಸಭ್ಯರಾದ್ದರಿಂದ ಯಾರೂ ಬಾಯಿಬಿಡಲಿಲ್ಲ.

ಮೊದಲು ಮಾಡಲು ಹೇಳಿದ್ದು ಕ್ಷಮೆಯ ಕೆಲಸ, ಇಬ್ಬರಿಗೂ ಬೇರೆಬೇರೆಯಾಗಿ. ಎಂಜಿನಿಯರ್ ಅವರಿಗೆ: "ತಮ್ಮನ್ನು ಕೇಳದೆ ನಂಬರ್ ಕೊಟ್ಟೆ, ತಪ್ಪಾಯಿತು." ಆರ್ಕಿಟೆಕ್ಟ್ ಅವರಿಗೆ: "ನಿಮ್ಮ ಕೆಲಸವನ್ನು ಹೇಳಬೇಕಾದ ಕಡೆ ಹೇಳಲಿಲ್ಲ." ಇದಕ್ಕೆ ಕಾರಣವನ್ನಾಗಲಿ ಸಮರ್ಥನೆಯನ್ನಾಗಲಿ ಸೇರಿಸಬಾರದು. ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸುವಂತೆಯೂ ಇಲ್ಲ.

ಆಮೇಲೆ ಪರಿಚಯವನ್ನು ಹೊಸದಾಗಿ, ಸರಿಯಾದ ಕ್ರಮದಲ್ಲಿ ಮಾಡುವುದು. ಯಾರ ಸಮಯ ಬೇಕಾಗಿದೆಯೋ ಅವರ ಒಪ್ಪಿಗೆ ಮೊದಲು. ಆ ಕೋರಿಕೆಯ ಸಾಲುಗಳನ್ನು ಕೇಳುವವರೇ ಬರೆದುಕೊಡಬೇಕು. ಪರಿಚಯಿಸುವವರು ಅದನ್ನು ಹಾಗೆಯೇ ಮುಂದೆ ಕಳಿಸಿದರೆ ಸಾಕು. ನಡುವಿನವರು ತಮ್ಮ ಮಾತಿನಲ್ಲಿ ಹೇಳಹೊರಟಾಗಲೇ ಉದ್ದೇಶ ಮಸುಕಾಗುವುದು. ಆರ್ಕಿಟೆಕ್ಟ್ ಬರೆದುಕೊಟ್ಟ ಸಾಲುಗಳಲ್ಲಿ ತಾವು ಮಾಡುವ ಕೆಲಸ, ತೊಲೆಗಳ ಬಗ್ಗೆ ಇರುವ ಪ್ರಶ್ನೆ, ಬೇಕಾದ ಸಮಯ ಮೊದಲಿಗೆ 20 ನಿಮಿಷದ ಫೋನ್ ಎಂಬುದು, ಮುಂದುವರಿದರೆ ಶುಲ್ಕದ ಮೇಲೆ ಎಂಬುದು ಇದ್ದವು. ಇದರ ಮೇಲೆ ಮ್ಯಾನೇಜರ್ ಸೇರಿಸಿದ್ದು ಇಷ್ಟೇ: "ಈಗ ಆಗದಿದ್ದರೆ ನನಗೆ ಒಂದು ಸಾಲು ಬರೆಯಿರಿ, ಅವರಿಗೆ ನಾನೇ ತಿಳಿಸುತ್ತೇನೆ." ಬೇಡವೆನ್ನಲು ದಾರಿ ಇಲ್ಲದ ಕಡೆ ಸಿಕ್ಕ ಒಪ್ಪಿಗೆ ಬಹಳ ದಿನ ಬಾಳುವುದಿಲ್ಲ. ಎಂಜಿನಿಯರ್ ಒಪ್ಪಿದರು, ಆದರೆ ಮೂರು ವಾರ ಬಿಡುವಿಲ್ಲ ಎಂದರು. ಅಲ್ಲಿಯವರೆಗೆ ಪರಿಚಯದ ಪತ್ರ ಕಳಿಸಲಿಲ್ಲ. ಅಷ್ಟರಲ್ಲೇ ಕಳಿಸಿದ್ದರೆ, ಉತ್ತರಿಸದೆ ಕೂತ ಪತ್ರವಾಗಿ ಅದು ಅವರಿಗೇ ಮುಜುಗರ ತರುತ್ತಿತ್ತು.

ಮೂರು ವಾರದ ಮೇಲೆ ಹೋದ ಪತ್ರ ಇದು. ವಿಷಯದ ಸಾಲಿನಲ್ಲಿ ಇಬ್ಬರ ಹೆಸರು, ಅದರ ಮುಂದೆ "ಹಳೆಯ ಕಟ್ಟಡದ ಮರದ ತೊಲೆಗಳ ಬಗ್ಗೆ". ಇಬ್ಬರ ವಿಳಾಸವೂ "ಟು" ಜಾಗದಲ್ಲೇ. ಒಬ್ಬರನ್ನು "ಸಿಸಿ"ಗೆ ತಳ್ಳಿದರೆ ಅವರು ಮಾತಿನ ಹೊರಗೆ ನಿಂತಂತೆ.

"ಸರ್, ಮೇಡಂ, ನಮಸ್ಕಾರ. ಇಬ್ಬರ ಒಪ್ಪಿಗೆಯ ಮೇಲೆ ಪರಿಚಯಿಸುತ್ತಿದ್ದೇನೆ.

ಸರ್, ಇವರು 9 ವರ್ಷದಿಂದ ಸಾರ್ವಜನಿಕ ಕಟ್ಟಡಗಳ ವಿನ್ಯಾಸ ಮಾಡುತ್ತಿರುವ ಆರ್ಕಿಟೆಕ್ಟ್. ಒಂದು ಯೋಜನೆಯಲ್ಲಿ ನಾವು ಜೊತೆಗೆ ಕೆಲಸ ಮಾಡಿದ್ದೇವೆ. ಅವರ ನಕ್ಷೆಗಳಲ್ಲಿ ಸ್ಥಳಕ್ಕೆ ಹೋದ ಮೇಲೆ ತಿದ್ದಬೇಕಾದದ್ದು ಬಹಳ ಕಡಿಮೆ.

ಮೇಡಂ, ಇವರು ಹಳೆಯ ಕಟ್ಟಡಗಳನ್ನು ಕೆಡವದೆ ಗಟ್ಟಿಮಾಡುವುದರಲ್ಲಿ ಪರಿಣತರು. ಮರದ ಅಟ್ಟಗಳನ್ನು ಅವರು ಪರೀಕ್ಷಿಸುವ ಬಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮೇಲಿನ ಅಂತಸ್ತು ಗ್ರಂಥಾಲಯದ ಭಾರ ತಾಳುತ್ತದೆಯೇ ಎಂಬುದು ಪ್ರಶ್ನೆ. ಮೊದಲಿಗೆ 20 ನಿಮಿಷದ ಫೋನ್. ಸ್ಥಳ ಪರಿಶೀಲನೆ ಬೇಕಾದರೆ ಶುಲ್ಕ, ದಿನಾಂಕ ನೀವಿಬ್ಬರೇ ಮಾತಾಡಿಕೊಳ್ಳುವಿರಿ. ಮೇಡಂ, ನಿಮಗೆ ಸಾಧ್ಯವಿರುವ ಎರಡು ಮೂರು ಸಮಯ ಸೂಚಿಸಿ ನೀವೇ ಮೊದಲು ಬರೆಯಿರಿ. ಮುಂದಿನ ಪತ್ರಗಳಿಗೆ ನನ್ನನ್ನು ಸೇರಿಸುವ ಅಗತ್ಯವಿಲ್ಲ."

ಹೊಗಳಿಕೆಯ ಅಳತೆಯನ್ನು ಗಮನಿಸಿ. ಇಬ್ಬರಿಗೂ ಎರಡು ಮೂರು ವಾಕ್ಯ, ಇಬ್ಬರಿಗೂ ಬಹುವಚನ, ಇಬ್ಬರ ಬಗ್ಗೆಯೂ ಕಣ್ಣಾರೆ ಕಂಡ ಒಂದು ಸಂಗತಿ. "ಅಪ್ರತಿಮ ಪ್ರತಿಭೆ" ಎಂದು ಬರೆದಿದ್ದರೆ ಎಂಜಿನಿಯರ್ ನಂಬುತ್ತಿರಲಿಲ್ಲ. ನಕ್ಷೆಯಲ್ಲಿ ತಿದ್ದಬೇಕಾದದ್ದು ಬಹಳ ಕಡಿಮೆ ಎಂಬುದನ್ನು ಆ ವೃತ್ತಿಯವರು ತಕ್ಷಣ ಅರ್ಥಮಾಡಿಕೊಳ್ಳುತ್ತಾರೆ. ಗೌರವಕ್ಕೆ ಅದು ಸಾಕು.

ಆರ್ಕಿಟೆಕ್ಟ್ ಅವರಿಗೂ ಒಂದು ಮಾತು ಹೇಳಿಕಳಿಸಲು ಸೂಚಿಸಿದೆವು: ಅಂದೇ, ತಡವಾದರೆ ಮಾರನೆಯ ದಿನ ಬರೆಯಬೇಕು. ಆ ಉತ್ತರದಲ್ಲಿ ಪರಿಚಯಿಸಿದವರಿಗೆ ಒಂದು ಸಾಲಿನ ಧನ್ಯವಾದ ಹೇಳಿ, ಅವರ ವಿಳಾಸವನ್ನು "ಬಿಸಿಸಿ"ಗೆ ಸರಿಸಬೇಕು. ಪತ್ರ ಹೊರಟಿತೆಂದು ಅವರಿಗೆ ತಿಳಿಯುತ್ತದೆ, ಆಮೇಲೆ ಇಬ್ಬರೂ ಎಲ್ಲರಿಗೂ ಉತ್ತರಿಸಿದರೂ ಅದು ಅವರಿಗೆ ಹೋಗುವುದಿಲ್ಲ. ಬಿಸಿಸಿಯಲ್ಲಿರುವವರು ಮಾತ್ರ ಅಲ್ಲಿಂದ ಎಲ್ಲರಿಗೂ ಉತ್ತರ ಒತ್ತಬಾರದು; ಒತ್ತಿದರೆ ಮತ್ತೆ ನಡುವೆ ಬಂದು ಕೂತಂತಾಗುತ್ತದೆ.

ಒಂದು ವಾರ ಉತ್ತರ ಬಾರದಿದ್ದರೆ ಏನು ಎಂದು ಮ್ಯಾನೇಜರ್ ಕೇಳಿದರು. ಕೋರಿಕೆ ಯಾರದೋ ಅವರು ಒಮ್ಮೆ ಚಿಕ್ಕದಾಗಿ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಪರಿಚಯಿಸಿದವರು ಎಂಜಿನಿಯರ್ ಅವರನ್ನು ಪ್ರತ್ಯೇಕವಾಗಿ, ಒಂದೇ ಸಲ ಕೇಳಬಹುದು: "ಈಗ ಅನುಕೂಲವಿಲ್ಲವೇ? ನಾನು ಅವರಿಗೆ ಹೇಳಲೇ?" ಇಬ್ಬರೂ ಇರುವ ಪತ್ರದಲ್ಲೇ ಕೇಳಿದರೆ, ಉತ್ತರಿಸದವರು ತಪ್ಪಿತಸ್ಥರಂತೆ ಕಾಣುತ್ತಾರೆ.

ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ನಾಲ್ಕನೆಯ ದಿನ ಫೋನ್‌ನಲ್ಲಿ ಮಾತಾಯಿತು. ಎಂಜಿನಿಯರ್ ತೊಲೆಗಳು ಗೋಡೆಯೊಳಗೆ ಸೇರುವ ತುದಿಗಳ ಫೋಟೊ ಕೇಳಿದರು, ಒದ್ದೆ ಹಿಡಿದು ಮರ ಕೊಳೆಯುವುದು ಹೆಚ್ಚಾಗಿ ಅಲ್ಲೇ ಎಂದು. ಸ್ಥಳಕ್ಕೆ ಬರುವ ಶುಲ್ಕವನ್ನೂ ಅದೇ ಕರೆಯಲ್ಲಿ ಅವರೇ ಹೇಳಿದರು. ಈ ವಿಷಯ ಮ್ಯಾನೇಜರ್ ಅವರಿಗೆ ತಿಳಿದದ್ದು ಆರ್ಕಿಟೆಕ್ಟ್ ಕಳಿಸಿದ ಎರಡು ಸಾಲಿನಿಂದ. ಶುಲ್ಕ ಎಷ್ಟೆಂದು ಆರ್ಕಿಟೆಕ್ಟ್ ಬರೆಯಲಿಲ್ಲ, ಮ್ಯಾನೇಜರ್ ಕೇಳಲೂ ಇಲ್ಲ.