034 ಯಾಕೆ 014 ಆಗುತ್ತೆ?

"ಸಿ, ಇ ಫ್ಲಾಟ್, ಇ ಮೂರು ಸ್ವರಕ್ಕೆ ನಂಗೆ 034 ಬರ್ತಿದೆ, ಕ್ಯಾಲ್ಕುಲೇಟರ್ ಮಾತ್ರ ಪ್ರೈಮ್ ಫಾರ್ಮ್ 014 ಅಂತಿದೆ. ಎಲ್ಲಿ ತಪ್ತಿದೀನಿ?"

ನೀವು ತಪ್ಪಿಲ್ಲ, ಅರ್ಧಕ್ಕೆ ನಿಲ್ಲಿಸಿದೀರ ಅಷ್ಟೇ. ಇಲ್ಲಿ ಸಿ ಅಂದ್ರೆ 0, ಅಲ್ಲಿಂದ ಒಂದೊಂದು ಅರ್ಧಸ್ವರಕ್ಕೆ ಒಂದೊಂದು ನಂಬರ್, ಬಿ ಅಂದ್ರೆ 11. 034 ಅನ್ನೋದು ನಾರ್ಮಲ್ ಆರ್ಡರ್‌ನ, ಅಂದ್ರೆ ಸ್ವರಗಳನ್ನ ಆದಷ್ಟು ಹತ್ತಿರ ಜೋಡಿಸಿದ ಕ್ರಮಾನ, ಸೊನ್ನೆಯಿಂದ ಬರೆದಿದ್ದು, ಪ್ರೈಮ್ ಫಾರ್ಮ್ ಬೇಕಂದ್ರೆ ಅದನ್ನ ತಿರುಗಿಸಿಯೂ ನೋಡ್ಬೇಕು. ಪ್ರತಿ ನಂಬರನ್ನ 12ರಿಂದ ಕಳೀರಿ, ಸೊನ್ನೆ ಸೊನ್ನೆಯಾಗೇ ಇರುತ್ತೆ, 3 ಹೋಗಿ 9, 4 ಹೋಗಿ 8, ಜೋಡಿಸಿದ್ರೆ 8, 9, 0. ಈಗ 8ನ್ನ ಸೊನ್ನೆ ಮಾಡಿ, 014 ಬಂತು. ಎರಡರಲ್ಲಿ ಯಾವುದರ ನಂಬರ್‌ಗಳು ಎಡಗಡೆಗೆ ಒತ್ತಾಗಿ ಕೂತಿವೆಯೋ ಅದೇ ಪ್ರೈಮ್ ಫಾರ್ಮ್.

ಶೋನ್‌ಬರ್ಗ್ 1909ರಲ್ಲಿ ಬರೆದ ಓಪಸ್ 11ರ ಮೊದಲ ಪಿಯಾನೋ ಪೀಸ್ ಶುರುವಾಗೋದೇ ಬಿ, ಜಿ ಶಾರ್ಪ್, ಜಿ ಅಂತ, ಅಂದ್ರೆ 11, 8, 7. ಜಿಯಿಂದ ಎಣಿಸಿದ್ರೆ ನೇರವಾಗಿ 014, ತಿರುಗಿಸೋದೇ ಬೇಡ. ನಿಮ್ಮದು ಅದರದ್ದೇ ಕನ್ನಡಿ ಬಿಂಬ.

ಇಂಟರ್ವಲ್ ವೆಕ್ಟರ್ ಇನ್ನೂ ಸುಲಭ, ಪ್ರತಿ ಜೋಡಿಯ ದೂರ ಎಣಿಸಿ: ಸಿ-ಇ ಫ್ಲಾಟ್ 3, ಇ ಫ್ಲಾಟ್-ಇ 1, ಸಿ-ಇ 4. 1ರಿಂದ 6ರವರೆಗಿನ ಆರು ಖಾನೆಗೆ ಹಾಕಿದ್ರೆ 101100. ದೂರ 6 ದಾಟಿದ್ರೆ 12ರಿಂದ ಕಳೀಬೇಕು (7 ಬಂದ್ರೆ 5ರ ಖಾನೆ), ಬಹಳ ಜನ ಇಲ್ಲೇ ಎಡವೋದು. ಮೂರು ಸ್ವರಕ್ಕೆ ಒಟ್ಟು 3, ನಾಲ್ಕಕ್ಕೆ 6 ಬರ್ಲಿಲ್ಲ ಅಂದ್ರೆ ಯಾವುದೋ ಜೋಡಿ ಬಿಟ್ಟಿದೀರ ಅಂತ.

ಆದ್ರೆ ವೆಕ್ಟರ್ ಒಂದೇ ಅಂತ ಸ್ವರಗಳ ಸೆಟ್ಟೂ ಒಂದೇ ಅನ್ಕೋಬೇಡಿ, 0146, 0137 ಎರಡಕ್ಕೂ 111111, ಆದ್ರೂ ಹೇಗೆ ತಿರುಗಿಸಿದ್ರೂ ಒಂದು ಇನ್ನೊಂದಾಗಲ್ಲ.